ತಳ ಕಾಣುವ ನೀರು

2024ರ ನವೆಂಬರ್ 17, ಭಾನುವಾರ. ಮಂಗಳೂರಿನ ತೆಂಕಣಕ್ಕೆ, ಉಳ್ಳಾಲ ಸಮೀಪದ ಉಚ್ಚಿಲದ ಕಡಲತೀರದಲ್ಲಿರುವ ಒಂದು ಸಣ್ಣ ರೆಸಾರ್ಟ್. ಹಿಂದಿನ ದಿನ ಮೈಸೂರಿನಿಂದ ಬಂದು ತಂಗಿದ್ದ ಮೂವರು ಯುವತಿಯರು ಬೆಳಗ್ಗೆ ಅಲ್ಲಿನ ಈಜುಕೊಳಕ್ಕೆ ಇಳಿದರು. ಅವರಿಗೆ ಈಜು ಬರುತ್ತಿರಲಿಲ್ಲ. ಒಬ್ಬರು ಆಳದ ಕಡೆಗೆ ಸರಿದು ಕಾಲಿಗೆ ನೆಲ ಸಿಗದೆ ಒದ್ದಾಡಿದರು. ಅವರನ್ನು ಹಿಡಿಯಲು ಹೋದ ಎರಡನೆಯವರೂ ಮುಳುಗಿದರು. ಇಬ್ಬರನ್ನೂ ಎಳೆಯಲು ಹೋದ ಮೂರನೆಯವರೂ ಮೇಲೆ ಬರಲಿಲ್ಲ. ಕೊಳದ ಆಳದ ತುದಿ ಇದ್ದದ್ದು ಆರು ಅಡಿ. ಲೈಫ್‌ಗಾರ್ಡ್ ಇರಲಿಲ್ಲ, ಎಲ್ಲಿ ಎಷ್ಟು ಆಳ ಎಂದು ಬರೆದಿರಲೂ ಇಲ್ಲ ಎಂದು ಪೊಲೀಸರು ಹೇಳಿದರು. ರೆಸಾರ್ಟಿನ ಪರವಾನಗಿ ಅಮಾನತಾಯಿತು.

ಆರು ಅಡಿ ಎಂದರೆ ನಮ್ಮ ಹಳ್ಳಿಯ ಬಾವಿ, ಕೆರೆಗಳ ಮುಂದೆ ಏನೂ ಅಲ್ಲ ಅನ್ನಿಸುತ್ತದೆ. ಕೊಳದ ಅಂಚಿನಲ್ಲಿ ನಿಂತು ನೋಡಿದರೆ ಅಷ್ಟೂ ಕಾಣುವುದಿಲ್ಲ. ನೀರಿನಲ್ಲಿ ಬೆಳಕು ಬಾಗುವುದರಿಂದ ನಿಜವಾದ ಆಳದ ಮುಕ್ಕಾಲು ಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನೇರ ಮೇಲಿನಿಂದ ನೋಡಿದವರಿಗೆ ಆರು ಅಡಿ ನೀರು ನಾಲ್ಕೂವರೆ ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಜೊತೆಗೆ ಕೊಳದ ತಳ ಸಮನಾಗಿರುವುದಿಲ್ಲ, ಒಂದು ತುದಿಯಿಂದ ಇನ್ನೊಂದಕ್ಕೆ ಇಳಿಜಾರಾಗಿ ಹೋಗುತ್ತದೆ. ಎದೆಮಟ್ಟದ ನೀರಿನಲ್ಲಿ ಅರ್ಧ ತೇಲುತ್ತಾ ನಡೆಯುವವರು ಒಂದೆರಡು ಹೆಜ್ಜೆ ಮುಂದೆ ಇಟ್ಟರೆ ಟೈಲ್ಸ್ ಮೇಲೆ ಪಾದ ಜಾರುತ್ತದೆ, ಹಿಂದಕ್ಕೆ ಬರಲು ಇಳಿಜಾರು ಬಿಡುವುದಿಲ್ಲ. ಐದು ಅಡಿ ಮೂರು ಇಂಚು ಎತ್ತರದವರಿಗೆ ಐದು ಅಡಿ ನೀರೇ ಕಣ್ಣು ಮುಚ್ಚುವಷ್ಟಾಯಿತು. ಅಂಚಿನ ಮೇಲೂ ಗೋಡೆಯ ಮೇಲೂ ದೊಡ್ಡ ಅಂಕಿಗಳಲ್ಲಿ ಆಳ ಬರೆಯಬೇಕು, ತಳ ಕಡಿದಾಗುವ ಜಾಗದಲ್ಲಿ ತೇಲುಗುಂಡುಗಳ ಹಗ್ಗ ಅಡ್ಡ ಕಟ್ಟಬೇಕು ಎನ್ನುವುದು ಇದಕ್ಕಾಗಿ. ಕೆಲವು ಸಾವಿರ ರೂಪಾಯಿಯ ಕೆಲಸ.

ಹಗ್ಗ, ಅಂಕಿಗಳನ್ನು ಒಮ್ಮೆ ಹಾಕಿಸಿದರೆ ಮುಗಿಯಿತು. ಮುಗಿಯದ ಕೆಲಸ ಎರಡಿವೆ: ದಿನಾ ನೀರನ್ನು ಸರಿಯಾಗಿಡುವುದು, ಜನ ನೀರಿನಲ್ಲಿರುವಷ್ಟು ಹೊತ್ತೂ ಅವರನ್ನು ನೋಡುತ್ತಿರುವುದು. ಹತ್ತು ಕೋಣೆಗಳ ಸಣ್ಣ ರೆಸಾರ್ಟಿನಲ್ಲಿ ಈ ಎರಡೂ ಬೀಳುವುದು ಒಬ್ಬನೇ ಹುಡುಗನ ಹೆಗಲಿಗೆ. ಸಕಲೇಶಪುರದ ಕಡೆಯಾಗಲಿ, ಕೊಡಗಿನಲ್ಲಾಗಲಿ, ಕಡಲ ದಂಡೆಯಲ್ಲಾಗಲಿ ಅವನಿಗೆ ‘ಪೂಲ್ ಹುಡುಗ’ ಎಂದೇ ಹೆಸರು. ಬೆಳಗ್ಗೆ ಎಲೆ ತೆಗೆಯುವವನು, ಔಷಧಿ ಹಾಕುವವನು, ಪಂಪು ಹಚ್ಚುವವನು ಅವನೇ. ಅತಿಥಿಗಳು ಇಳಿದ ಮೇಲೆ ಶಿಳ್ಳೆ ಹಿಡಿದು ನಿಲ್ಲುವವನೂ ಅವನೇ. ನಡುವೆ “ಲೋ, ಎರಡು ಬ್ಯಾಗ್ ಇವೆ, ರೂಮಿಗೆ ಇಟ್ಟು ಬಾರೋ” ಎಂದು ಮ್ಯಾನೇಜರ್ ಕರೆದರೆ ಹೋಗಲೇಬೇಕಾದವನು. ಬ್ಯಾಗ್ ಎತ್ತಿಕೊಂಡು ಮಹಡಿ ಹತ್ತಿ ಇಳಿಯಲು ಮೂರು ನಿಮಿಷ ಸಾಕು.

ಮುಳುಗಲು ಅಷ್ಟೂ ಬೇಡ.

ಮುಳುಗುವುದು ಎಂದರೆ ಕೈ ಬೀಸಿ ಕೂಗುವುದು ಎಂದು ಸಿನಿಮಾ ನಮಗೆ ಕಲಿಸಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ, 1970ರ ದಶಕದಲ್ಲಿ ನಿಜವಾಗಿ ಮುಳುಗುತ್ತಿರುವವರನ್ನೂ ಅವರನ್ನು ರಕ್ಷಿಸಿದ್ದನ್ನೂ ಚಿತ್ರೀಕರಿಸಿ ಅಧ್ಯಯನ ಮಾಡಿದರು. ಅವರು ಕಂಡದ್ದು ಬೇರೆಯೇ. ಈಜು ಬಾರದವರು ನೀರಿನಲ್ಲಿ ನೇರವಾಗಿ ನಿಂತ ಭಂಗಿಯಲ್ಲಿರುತ್ತಾರೆ, ಕಾಲು ಬಡಿಯುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಎರಡೂ ಕೈಗಳು ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ. ದೇಹ ತನ್ನಷ್ಟಕ್ಕೆ ಹಾಗೆ ಮಾಡುತ್ತದೆ. ಕೈ ಎತ್ತಿ ಕರೆಯಬೇಕೆಂದರೂ ಆಗದು. ಸಿಕ್ಕ ಅರೆಕ್ಷಣದಲ್ಲಿ ಉಸಿರು ಬಿಟ್ಟು ಎಳೆದುಕೊಳ್ಳುವುದೇ ಕಷ್ಟವಾಗಿರುವಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು? ಈ ಸ್ಥಿತಿ ಇರುವುದು ಇಪ್ಪತ್ತರಿಂದ ಅರವತ್ತು ಸೆಕೆಂಡು. ಮಕ್ಕಳಲ್ಲಿ ಕಡಿಮೆ. ಪಕ್ಕದಲ್ಲೇ ಆಟವಾಡುತ್ತಿರುವವರಿಗೆ ಅದೂ ಆಟದಂತೆಯೇ ಕಾಣುತ್ತದೆ. ಆಮೇಲೆ ಆ ತಲೆ ನೀರಿನ ಮೇಲೆ ಇರುವುದಿಲ್ಲ.

ತಲೆ ಮೇಲೆ ಇಲ್ಲದಿದ್ದಾಗ ಕಾಣಬೇಕಾದದ್ದು ತಳದಲ್ಲಿ. ನೀರು ಮಬ್ಬಾಗಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ. ಲೈಫ್‌ಗಾರ್ಡಿನ ಕೆಲಸವೂ ಔಷಧಿಯ ಡಬ್ಬಿಯೂ ಕೂಡುವುದು ಇಲ್ಲೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಎಂಬ ಊರಿನಲ್ಲಿ 2011ರ ಜೂನ್‌ನಲ್ಲಿ ನಡೆದದ್ದನ್ನು ಈಜುಕೊಳ ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಸರ್ಕಾರವೇ ನಡೆಸುತ್ತಿದ್ದ, ಹನ್ನೆರಡು ಅಡಿ ಆಳದ ಕೊಳ; ಲೈಫ್‌ಗಾರ್ಡುಗಳೂ ಇದ್ದರು. ಭಾನುವಾರ ಮಧ್ಯಾಹ್ನ ಮಹಿಳೆಯೊಬ್ಬರು ಜಾರುಬಂಡೆಯಿಂದ ನೀರಿಗೆ ಇಳಿದವರು ಮೇಲೆ ಬರಲಿಲ್ಲ. ಜೊತೆಯಲ್ಲಿದ್ದ ಬಾಲಕ ಲೈಫ್‌ಗಾರ್ಡಿಗೆ ಹೇಳಿದರೂ ಹುಡುಕಾಟ ನಡೆಯಲಿಲ್ಲ. ಮರುದಿನ ಕೊಳ ಎಂದಿನಂತೆ ತೆರೆಯಿತು. ಅದರ ಮರುದಿನವೂ ತೆರೆಯಿತು. ಜನ ಈಜಿದರು, ನಗರದ ಆರೋಗ್ಯ ತಪಾಸಕರೂ ಬಂದುಹೋದರು. ಮಂಗಳವಾರ ರಾತ್ರಿ ದೇಹ ಮೇಲೆ ತೇಲಿದಾಗಲೇ ತಿಳಿದದ್ದು. ಆ ನೀರಿನಲ್ಲಿ ಮೂರು ನಾಲ್ಕು ಅಡಿಯ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಆದ್ದರಿಂದ ಬೆಳಗಿನ ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಆಳದ ತುದಿಯ ತಳದಲ್ಲಿ ನೀರು ಹೊರಹೋಗುವ ಜಾಲರಿ ಇರುತ್ತದೆ, ಮೇನ್ ಡ್ರೈನ್ ಎನ್ನುತ್ತಾರೆ. ಅಂಚಿನಲ್ಲಿ ನಿಂತವರಿಗೆ ಅದರ ಸೀಳುಗಳು ಸ್ಪಷ್ಟವಾಗಿ ಕಾಣಬೇಕು. ‘ಇದೆ ಅಂತ ಗೊತ್ತಾಗುತ್ತದೆ’ ಎಂಬಷ್ಟು ಕಂಡರೆ ಸಾಲದು. ಸೀಳುಗಳು ಕಾಣದಿದ್ದರೆ ಆ ದಿನ ಕೊಳ ಮುಚ್ಚಬೇಕು, ಬೇರೆ ಏನೂ ಅಳೆಯುವ ಮೊದಲೇ. ಅದೇ ನೋಟದಲ್ಲಿ ಜಾಲರಿ ಗಟ್ಟಿಯಾಗಿ ಕೂತಿದೆಯೇ ಎಂಬುದೂ ತಿಳಿಯುತ್ತದೆ. ಮುಚ್ಚಳ ಕಳಚಿದ ಒಂದೇ ಡ್ರೈನಿನ ಮೇಲೆ ಪಂಪಿನ ಎಳೆತವೆಲ್ಲ ಬಿದ್ದರೆ, ಮಗುವಿನ ಮೈ ಅಥವಾ ಉದ್ದ ಕೂದಲು ಅದಕ್ಕೆ ಅಂಟಿಕೊಂಡರೆ ದೊಡ್ಡವರ ಬಲದಿಂದಲೂ ಬಿಡಿಸಲಾಗದು. ಪಂಪಿನ ಸ್ವಿಚ್ ಕೊಳದ ಬಳಿಯೇ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಬೇಕಾದದ್ದು ಈ ಕಾರಣಕ್ಕೆ.

ಇನ್ನು ನೀರಿನ ಲೆಕ್ಕ. ಒಂದು ಸಾಮಾನ್ಯ ಕೊಳವನ್ನು ತೆಗೆದುಕೊಳ್ಳೋಣ: ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದರಲ್ಲಿ ಐದು ಅಡಿ. ಸರಾಸರಿ ಆಳ ನಾಲ್ಕು ಅಡಿ, ಅಂದರೆ ಸುಮಾರು 1.2 ಮೀಟರ್. ಗುಣಿಸಿದರೆ 60 ಘನ ಮೀಟರ್, 60,000 ಲೀಟರ್ ನೀರು. ಈ ಒಂದು ಅಂಕಿಯನ್ನು ಪಂಪ್ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಬೇಕು, ಏಕೆಂದರೆ ಎಲ್ಲ ಅಳತೆಯೂ ಅದರಿಂದಲೇ ಹೊರಡುತ್ತದೆ. ಕ್ಲೋರಿನ್ ಅಳೆಯುವುದು ಪಿಪಿಎಂ ಲೆಕ್ಕದಲ್ಲಿ. ಸಾವಿರ ಲೀಟರಿಗೆ ಒಂದು ಗ್ರಾಂ ಎಂದರೆ ಒಂದು ಪಿಪಿಎಂ. ಈ ಕೊಳದಲ್ಲಿ ಒಂದು ಪಿಪಿಎಂ ಏರಿಸಲು 60 ಗ್ರಾಂ ಅಪ್ಪಟ ಕ್ಲೋರಿನ್ ಬೇಕು. ಅಂಗಡಿಯಲ್ಲಿ ಸಿಗುವ ಯಾವುದೂ ಅಪ್ಪಟವಲ್ಲ. ‘ಟಿಸಿಸಿಎ 90’ ಎಂಬ ಬಿಳಿ ಹರಳಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಇರುತ್ತದೆ, 67 ಗ್ರಾಂ ಸಾಕು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಲ್ಲಿ ಅರವತ್ತೈದು ಪಾಲು, ಹಾಗಾಗಿ 92 ಗ್ರಾಂ ಬೇಕಾಗುತ್ತದೆ. ಮೂಟೆಯ ಬ್ಲೀಚಿಂಗ್ ಪುಡಿಯಲ್ಲಿ ಮೂವತ್ತರ ಆಸುಪಾಸು, ಅದೂ ಮೂಟೆ ಹೊಸದಿದ್ದರೆ. 200 ಗ್ರಾಂ ಹಾಕಬೇಕು, ಸುಣ್ಣದ ಗಸಿಯೂ ಜೊತೆಗೆ ಇಳಿದು ನೀರನ್ನು ಮಬ್ಬು ಮಾಡುತ್ತದೆ. ‘ಒಂದು ಮಗ್ಗು’ ಎಂಬ ಅಳತೆ ಎಷ್ಟು ತಪ್ಪಿಸಬಲ್ಲದು ಎಂಬುದು ಈ ಮೂರು ಅಂಕಿಗಳಲ್ಲೇ ಕಾಣುತ್ತದೆ.

ಜನ ಇಳಿಯುವ ಕೊಳದಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಕನಿಷ್ಠ ಒಂದು ಪಿಪಿಎಂ ಇರಬೇಕು, ಟಿಸಿಸಿಎ ಬಳಸುವಲ್ಲಿ ಎರಡು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಸರಿಯಾಗಿ ಕ್ಲೋರಿನ್ ಇರುವ ನೀರಿನಲ್ಲಿ ಭೇದಿ ತರುವ ಇ-ಕೋಲಿಯಂಥ ಬ್ಯಾಕ್ಟೀರಿಯಾ ಒಂದು ನಿಮಿಷವೂ ಉಳಿಯುವುದಿಲ್ಲ. ಆದರೆ ಆ ‘ಸರಿಯಾಗಿ’ ಎನ್ನುವುದು ಪಿಎಚ್ ಮೇಲೆ ನಿಂತಿದೆ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪಗಳಲ್ಲಿರುತ್ತದೆ, ಒಂದು ಚುರುಕು, ಇನ್ನೊಂದು ಮಂದ. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಚುರುಕು. 7.5ರಲ್ಲಿ ಅರ್ಧಕ್ಕರ್ಧ. 8ಕ್ಕೆ ಏರಿದರೆ ಕಾಲು ಭಾಗ, 8.5ಕ್ಕೆ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಕಿಟ್ಟಿನಲ್ಲಿ ಮಾತ್ರ ಎಲ್ಲ ಸಲವೂ ಅದೇ ‘ಎರಡು ಪಿಪಿಎಂ’ ಎಂದು ತೋರುತ್ತದೆ. ಗಡಸು ಬೋರ್‌ವೆಲ್ ನೀರು ತುಂಬಿಸುವ ಬಯಲುಸೀಮೆಯ ಕೊಳಗಳಲ್ಲಿ ಪಿಎಚ್ ತಾನಾಗಿ ಮೇಲೇರುತ್ತಾ ಹೋಗುವುದರಿಂದ ಅಲ್ಲಿ ಆಮ್ಲ ಹಾಕಿ ಇಳಿಸಬೇಕಾಗುತ್ತದೆ. ಮಲೆನಾಡು, ಕರಾವಳಿಯ ಮೆತ್ತನೆಯ ನೀರಿನದು ಉಲ್ಟಾ ಸಮಸ್ಯೆ, ಅದು ಬೇಗ ಆಮ್ಲವಾಗುತ್ತದೆ. ಒಂದು ಜಡಿಮಳೆಗೆ ಔಷಧಿಯೂ ತೆಳ್ಳಗಾಗುತ್ತದೆ. 7.2ರಿಂದ 7.6ರ ನಡುವೆ ನಿಲ್ಲಿಸಿದರೆ ಕ್ಲೋರಿನ್ನೂ ಕೆಲಸ ಮಾಡುತ್ತದೆ, ಕಣ್ಣಿಗೂ ಹಿತ.

ಕಿಟ್ ಎಂದೆವಲ್ಲ, ಅಲ್ಲೊಂದು ಮೋಸವಿದೆ. ಸಣ್ಣ ರೆಸಾರ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಕೊಳವೆಯ ಪ್ಲಾಸ್ಟಿಕ್ ಡಬ್ಬಿ. ಒಂದರಲ್ಲಿ ಹನಿ ಹಾಕಿದರೆ ನೀರು ಹಳದಿಯಾಗುತ್ತದೆ, ಅದು ಕ್ಲೋರಿನ್. ಇನ್ನೊಂದು ಕೆಂಪಾಗುತ್ತದೆ, ಅದು ಪಿಎಚ್. ಆ ಹಳದಿ ಹನಿಗೆ ಕೆಲಸಕ್ಕೆ ಬರುವ ಕ್ಲೋರಿನ್ನಿಗೂ ಕೆಲಸ ಮುಗಿಸಿ ಸತ್ತ ಕ್ಲೋರಿನ್ನಿಗೂ ವ್ಯತ್ಯಾಸ ಗೊತ್ತಿಲ್ಲ. ಬೆವರು, ಮೂತ್ರ, ತಲೆಗೆ ಹಚ್ಚಿದ ಎಣ್ಣೆ ಇವುಗಳ ಜೊತೆ ಸೇರಿದ ಕ್ಲೋರಿನ್ ‘ಕ್ಲೋರಮೈನ್’ ಆಗುತ್ತದೆ. ಈಜುಕೊಳದ್ದು ಎಂದು ನಾವು ಗುರುತಿಸುವ ಘಾಟು ವಾಸನೆ, ಕಣ್ಣು ಕೆಂಪಾಗುವುದು, ಮಕ್ಕಳು ಕೆಮ್ಮುವುದು ಬಹುಮಟ್ಟಿಗೆ ಇದರಿಂದ. ‘ಔಷಧಿ ಜಾಸ್ತಿ ಆಗಿದೆ’ ಎಂದು ಅತಿಥಿಗಳು ದೂರುವ ಕೊಳದಲ್ಲಿ ಬಹಳ ಸಲ ನಿಜವಾದ ಕ್ಲೋರಿನ್ ಕಡಿಮೆಯೇ ಇರುತ್ತದೆ. ಡಿಪಿಡಿ ಎಂಬ ಮಾತ್ರೆಯ ಕಿಟ್ ಇವೆರಡನ್ನೂ ಬಿಡಿಸಿ ತೋರಿಸುತ್ತದೆ: ಒಂದನೆಯ ಮಾತ್ರೆಗೆ ಬರುವ ಗುಲಾಬಿ ಬಣ್ಣ ಬದುಕಿರುವ ಕ್ಲೋರಿನ್ನಿನದು, ಅದಕ್ಕೇ ಮೂರನೆಯ ಮಾತ್ರೆ ಸೇರಿಸಿದಾಗ ಬರುವುದು ಒಟ್ಟು. ಎರಡರ ಅಂತರ 0.4 ದಾಟಿದರೆ ಒಂದಷ್ಟು ನೀರು ಬದಲಿಸಬೇಕು, ಇಲ್ಲವೇ ಕೊಳ ಮುಚ್ಚಿದ ರಾತ್ರಿ ದೊಡ್ಡ ಪ್ರಮಾಣದಲ್ಲಿ ಕ್ಲೋರಿನ್ ಕೊಟ್ಟು ಅದನ್ನು ಸುಡಬೇಕು. ಕ್ಲೋರಿನ್ ವಿಪರೀತವಾಗಿದ್ದರೆ ಡಿಪಿಡಿಯ ಗುಲಾಬಿ ಕ್ಷಣಕಾಲ ಮಿನುಗಿ ಬಿಳಿಯಾಗಿಬಿಡುತ್ತದೆ ಎನ್ನುವುದೂ ಹುಡುಗನಿಗೆ ತಿಳಿದಿರಬೇಕು. ಸೊನ್ನೆ ಇದೆ ಎಂದುಕೊಂಡು ಇನ್ನಷ್ಟು ಸುರಿದರೆ ಅಪಾಯ.

ಈಗ ಆ 60,000 ಲೀಟರ್ ಕೊಳಕ್ಕೆ ಜನವರಿಯಿಂದ ಏನಾಗುತ್ತದೆ ನೋಡೋಣ. ಬಿಸಿಲಿಗೂ ಜನಕ್ಕೂ ಸೇರಿ ದಿನಕ್ಕೆ ಒಂದೂವರೆ ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ 90 ಗ್ರಾಂ ಬೇಕು, ಅಂದರೆ ಸರಿಯಾಗಿ ನೂರು ಗ್ರಾಂ ಟಿಸಿಸಿಎ. ಹುಡುಗ ತಪ್ಪದೆ ಹಾಕುತ್ತಾನೆ. ಟಿಸಿಸಿಎ ಜನಪ್ರಿಯವಾದದ್ದು ಅದರೊಳಗಿನ ಸಯನ್ಯೂರಿಕ್ ಆಮ್ಲದಿಂದ. ಬಿಸಿಲಿಗೆ ಬರೀ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗುತ್ತದೆ. ಈ ಆಮ್ಲ ಅದನ್ನು ಕೊಡೆಯಂತೆ ಕಾಯುತ್ತದೆ. ಆದರೆ ಕ್ಲೋರಿನ್ ಖರ್ಚಾದ ಮೇಲೂ ಕೊಡೆ ನೀರಿನಲ್ಲೇ ಉಳಿಯುತ್ತದೆ. ದಿನಕ್ಕೆ ನೂರು ಗ್ರಾಂನಂತೆ ತಿಂಗಳಿಗೆ ಮೂರು ಕಿಲೋ ಹಾಕಿದರೆ ಆ ಆಮ್ಲ ತಿಂಗಳಿಗೆ ಸುಮಾರು 27 ಪಿಪಿಎಂ ಏರುತ್ತದೆ. ಮೊದಲ ತಿಂಗಳು ಅದು ಒಳ್ಳೆಯದೇ. ಏಪ್ರಿಲ್ ಕೊನೆಗೆ ನೂರು ದಾಟಿರುತ್ತದೆ. ಆಗ ಕೊಡೆ ಎಷ್ಟು ದಪ್ಪವಾಗಿರುತ್ತದೆಂದರೆ ಕ್ಲೋರಿನ್ ಕೆಳಗೇ ಸಿಕ್ಕಿಕೊಂಡು ಕೆಲಸ ಮಾಡುವುದನ್ನೇ ಬಿಡುತ್ತದೆ. ಕಿಟ್ ಎರಡು ಪಿಪಿಎಂ ತೋರಿಸುತ್ತಿರುತ್ತದೆ, ಗೋಡೆ ಕೈಗೆ ಜಾರುತ್ತಿರುತ್ತದೆ, ಮೂಲೆಗಳಲ್ಲಿ ಹಸಿರು ಮೂಡಿರುತ್ತದೆ. ಶಾಲೆಗಳಿಗೆ ರಜೆ ಬಂದು ರೆಸಾರ್ಟ್ ತುಂಬಿರುವ ಹೊತ್ತಿಗೇ ನೀರು ಪಾಚಿಗಟ್ಟುತ್ತದೆ.

ಕಾಫಿ ಸೀಮೆಯಲ್ಲಿ ಇಂಥ ಹೊತ್ತಿನಲ್ಲಿ ಕೈ ಹೋಗುವುದು ಮೈಲುತುತ್ತದ ಕಡೆಗೆ. ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಚೀಲ ಉಗ್ರಾಣದಲ್ಲಿ ಇದ್ದೇ ಇರುತ್ತದೆ; ಪಾಚಿಯನ್ನು ಕೊಲ್ಲುವುದೂ ನಿಜ. ಆದರೆ ಅದರ ತಾಮ್ರ ನೀರಿನಲ್ಲೇ ಉಳಿದು ಟೈಲ್ಸ್ ಸಂದುಗಳಿಗೆ ಕಲೆ ಕಟ್ಟುತ್ತದೆ, ಬಿಳಿಗೂದಲಿಗೆ ಹಸಿರು ಛಾಯೆ ಬರುತ್ತದೆ, ಮತ್ತು ರೋಗಾಣುಗಳ ವಿಷಯದಲ್ಲಿ ಕ್ಲೋರಿನ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ನೀರು ತಿಳಿಯಾಗಿ ಕಂಡೀತು, ಕಾಯಿಲೆ ಹರಡುವುದು ನಿಲ್ಲುವುದಿಲ್ಲ. ಸಯನ್ಯೂರಿಕ್ ಆಮ್ಲವನ್ನು ಇಳಿಸಲು ಸಣ್ಣ ರೆಸಾರ್ಟಿಗೆ ಇರುವುದು ಒಂದೇ ಸುಲಭ ದಾರಿ, ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು. ಮೂವತ್ತು ಸಾವಿರ ಲೀಟರ್. ಏಪ್ರಿಲ್‌ನಲ್ಲಿ ಆರು ಸಾವಿರ ಲೀಟರಿನ ಐದು ಟ್ಯಾಂಕರ್. ಈ ಖರ್ಚು ಬೇಡವೆಂದರೆ ಮೊದಲಿನಿಂದಲೇ ಟಿಸಿಸಿಎ ಕಡಿಮೆ ಮಾಡಿ, ಆಮ್ಲದ ಮಟ್ಟ 30ರಿಂದ 50ಕ್ಕೆ ಬಂದ ಮೇಲೆ ದಿನದ ಔಷಧಿಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಅಥವಾ ದ್ರವ ಹೈಪೋ ಬಳಸಬೇಕು.

ಬದಲಾಯಿಸುವಾಗಲೇ ಇನ್ನೊಂದು ಎಚ್ಚರ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ನೋಡಲು ಎರಡೂ ಬೆಳ್ಳಗೆ, ಎರಡಕ್ಕೂ ‘ಕ್ಲೋರಿನ್’ ಎಂದೇ ಹೆಸರು. ಒಂದರ ಪುಡಿ ಅಂಟಿದ ಮಗ್ಗಿನಲ್ಲಿ ಇನ್ನೊಂದನ್ನು ಮೊಗೆದರೆ, ಅದರಲ್ಲೂ ತುಸು ತೇವವಿದ್ದರೆ, ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಪಿಎಚ್ ಇಳಿಸುವ ಆಮ್ಲ ಹೈಪೋ ಜೊತೆ ಸೇರಿದರೆ ಕ್ಲೋರಿನ್ ಅನಿಲವೇ ಏಳುತ್ತದೆ. ಗಾಳಿಯಾಡದ ಪಂಪ್ ಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಮೂರಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಮಗ್ಗು, ಡಬ್ಬಿಯ ಮೇಲೆ ಕನ್ನಡದಲ್ಲಿ ಹೆಸರು ಬೇಕು. ಕೆಲಸಕ್ಕೆ ಬಂದ ಹುಡುಗ ಅಸ್ಸಾಮಿನವನೋ ಒಡಿಶಾದವನೋ ಆದರೆ ಅವನು ಓದಬಲ್ಲ ಭಾಷೆಯಲ್ಲೂ ಬರೆಯಬೇಕು. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಹೊಯ್ಯಬಾರದು.

ರಾಸಾಯನಿಕದ ಜೊತೆಗೆ ಪಂಪಿನದೂ ಪಾಲಿದೆ. ಗಂಟೆಗೆ 15,000 ಲೀಟರ್ ಎಳೆಯುವ ಪಂಪ್ ಈ ಕೊಳದ ನೀರನ್ನೆಲ್ಲ ಒಮ್ಮೆ ಮರಳು ಫಿಲ್ಟರಿನೊಳಗೆ ಹಾಯಿಸಲು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಕರೆಂಟ್ ಬಿಲ್ ಉಳಿಸಲು ಬೆಳಗ್ಗೆ ಎರಡು ಗಂಟೆ ಮಾತ್ರ ಹಚ್ಚಿದರೆ ಅರ್ಧ ನೀರು ಫಿಲ್ಟರ್ ಕಂಡೇ ಇರುವುದಿಲ್ಲ. ಫಿಲ್ಟರಿನ ಮೇಲಿನ ಒತ್ತಡದ ಮುಳ್ಳು ಶುಚಿಯಾಗಿದ್ದಾಗಿನದಕ್ಕಿಂತ ಅರ್ಧ ಬಾರ್‌ನಷ್ಟು ಏರಿದರೆ ಮರಳು ಕಟ್ಟಿಕೊಂಡಿದೆ ಎಂದರ್ಥ, ಬ್ಯಾಕ್‌ವಾಶ್ ಮಾಡಬೇಕು. ಮಬ್ಬು ಹೋಗದಿದ್ದರೆ ರಾತ್ರಿ ಪಂಪ್ ನಿಲ್ಲಿಸಿ ಪಟಿಕ ಹಾಕಿ, ಬೆಳಗ್ಗೆ ತಳಕ್ಕೆ ಇಳಿದ ಕೆಸರನ್ನು ಫಿಲ್ಟರಿಗೆ ಬಿಡದೆ ನೇರ ಹೊರಕ್ಕೆ ಎಳೆಯಬೇಕು. ಹಳ್ಳದ ನೀರಿಗೆ ಪಟಿಕ ತಿರುಗಿಸಿ ಕುಡಿಯುತ್ತಿದ್ದವರಿಗೆ ಈ ಉಪಾಯ ಹೊಸದಲ್ಲ.

ಭಾನುವಾರ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಬೆಳಗ್ಗೆ ಎರಡು ಪಿಪಿಎಂ ಇದ್ದ ನೀರಿಗೆ ಇಪ್ಪತ್ತೈದು ಜನ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಹೋಗಿರಬಹುದು. ಬೆಳಗಿನ ಒಂದೇ ಪರೀಕ್ಷೆಯ ಭರವಸೆಯಲ್ಲಿ ಸಂಜೆಯವರೆಗೆ ಇರಲಾಗದು. ಇಳಿಯುವ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಂತವರು ಮೈಮೇಲಿನ ಬೆವರು, ಎಣ್ಣೆಯ ಬಹುಪಾಲನ್ನು ಅಲ್ಲೇ ಬಿಡುತ್ತಾರೆ. ಚಿಕ್ಕ ಮಗು ನೀರಿನಲ್ಲೇ ಹೊಲಸು ಮಾಡಿಕೊಂಡರೆ ಎಲ್ಲರನ್ನೂ ಹೊರಗೆ ಕರೆಯಲೇಬೇಕು. ಗಟ್ಟಿಯಾಗಿದ್ದರೆ ಅದನ್ನು ತೆಗೆದು, ಕ್ಲೋರಿನ್ ಎರಡು ಪಿಪಿಎಂ, ಪಿಎಚ್ 7.5ರ ಒಳಗೆ ಇಟ್ಟು ಅರ್ಧ ಗಂಟೆ ಕಾದರೆ ಸಾಕು. ಭೇದಿಯಾಗಿದ್ದರೆ ಮಾತೇ ಬೇರೆ. ಅದರಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಇದ್ದರೆ ಸಾಮಾನ್ಯ ಕ್ಲೋರಿನ್ ನೀರಿನಲ್ಲಿ ಅದು ವಾರಕ್ಕೂ ಹೆಚ್ಚು ಬದುಕುತ್ತದೆ. ಅದನ್ನು ಕೊಲ್ಲಲು 20 ಪಿಪಿಎಂ ಕ್ಲೋರಿನ್ ಹನ್ನೆರಡು ಮುಕ್ಕಾಲು ಗಂಟೆ ನಿಲ್ಲಬೇಕು, ಅದೂ ಸಯನ್ಯೂರಿಕ್ ಆಮ್ಲ ಬಹಳ ಕಡಿಮೆಯಿದ್ದರೆ ಮಾತ್ರ. ಆ ದಿನಕ್ಕೆ ಕೊಳ ಮುಗಿಯಿತು.

ಇಷ್ಟನ್ನೂ ಮಾಡುವವನೇ ಜನರನ್ನೂ ಕಾಯುತ್ತಿದ್ದಾನೆ ಎಂದಾಗ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ಕಿಟ್ಟಿನ ಕೊಳವೆಯನ್ನು ಬೆಳಕಿಗೆ ಹಿಡಿದು ಬಣ್ಣ ಹೋಲಿಸುವಾಗ ಅವನ ಬೆನ್ನು ನೀರಿಗಿರುತ್ತದೆ. ಇಬ್ಬರನ್ನು ಇಟ್ಟುಕೊಳ್ಳಲಾಗದ ರೆಸಾರ್ಟು ಕೊನೆಯ ಪಕ್ಷ ಹೊತ್ತನ್ನು ಬೇರೆ ಮಾಡಬಹುದು. ಬೆಳಗ್ಗೆ ಏಳರವರೆಗೆ ಶುಚಿ ಮತ್ತು ಪರೀಕ್ಷೆ. ಆಮೇಲೆ ಗೇಟು ತೆರೆಯುವುದು. ಮಧ್ಯಾಹ್ನ ಒಂದರಿಂದ ಎರಡು ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಪರೀಕ್ಷೆ, ಹುಡುಗನ ಊಟ. ಸಂಜೆ ಆರಕ್ಕೆ ಬೀಗ. ಗೇಟು ತೆರೆದಿರುವಾಗ ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು, ಬ್ಯಾಗೂ ಇಲ್ಲ, ಟವೆಲ್ಲೂ ಇಲ್ಲ, ಫೋನಂತೂ ಇಲ್ಲವೇ ಇಲ್ಲ. ಅವನು ಎದ್ದು ಹೋಗಲೇಬೇಕಾದರೆ ಕೊಳವೂ ಖಾಲಿಯಾಗಬೇಕು.

ನೋಡುವುದಕ್ಕೂ ಕ್ರಮವಿದೆ. ಲೈಫ್‌ಗಾರ್ಡ್ ತರಬೇತಿಯಲ್ಲಿ ‘ಹತ್ತು–ಇಪ್ಪತ್ತು’ ಎಂಬ ಅಳತೆ ಹೇಳುತ್ತಾರೆ: ತನ್ನ ಪಾಲಿನ ನೀರನ್ನೆಲ್ಲ ಹತ್ತು ಸೆಕೆಂಡಿನೊಳಗೆ ಒಮ್ಮೆ ನೋಡಿ ಮುಗಿಸಬೇಕು, ತೊಂದರೆ ಕಂಡ ಮೇಲೆ ಇಪ್ಪತ್ತು ಸೆಕೆಂಡಿನಲ್ಲಿ ಅಲ್ಲಿ ತಲುಪಬೇಕು. ನೋಟ ನೀರಿನ ಮೇಲೆ ಮಾತ್ರ ಓಡಿದರೆ ಆಗದು. ಮೊದಲು ತಳ, ಆಮೇಲೆ ನಡು, ಆಮೇಲೆ ಮೇಲ್ಮೈ. ಸಂಜೆಯ ಓರೆ ಬಿಸಿಲು ನೀರನ್ನು ಕನ್ನಡಿ ಮಾಡುತ್ತದೆ, ಹಾಗಾಗಿ ಬೆಳಗಿನ ಕುರ್ಚಿಯ ಜಾಗ ಸಂಜೆಗೆ ಸಲ್ಲುವುದಿಲ್ಲ. ತಳದಲ್ಲಿ ಒಂದು ಕಪ್ಪು ಬಟ್ಟೆಯ ಗಂಟು ಇಟ್ಟು, ಕುರ್ಚಿಯಿಂದ ಕಾಣುತ್ತದೆಯೇ ಎಂದು ದಿನದ ಬೇರೆ ಬೇರೆ ಹೊತ್ತಿನಲ್ಲಿ ನೋಡಿದರೆ ಎಲ್ಲಿ ಕೂರಬೇಕೆಂದು ತಿಳಿಯುತ್ತದೆ. ಅರ್ಧ ಗಂಟೆಯಾದ ಮೇಲೆ ಯಾರ ಕಣ್ಣೂ ಮೊದಲಿನಷ್ಟು ಚುರುಕಾಗಿರುವುದಿಲ್ಲ. ಮುಂಗಟ್ಟೆಯ ಕ್ಲರ್ಕಿಗೋ ಅಡುಗೆಯ ಸಹಾಯಕನಿಗೋ ಇದೇ ತರಬೇತಿ ಕೊಡಿಸಿದ್ದರೆ ಆ ಹೊತ್ತಿಗೆ ಅವರು ಬಂದು ಕೂರಬಹುದು. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆಯ ತರಬೇತಿ ಕೊಡುತ್ತದೆ. ಚೆನ್ನಾಗಿ ಈಜುವವನೆಲ್ಲ ಲೈಫ್‌ಗಾರ್ಡ್ ಅಲ್ಲ ಎಂಬುದು ಅಲ್ಲಿ ಮೊದಲ ದಿನವೇ ಅರ್ಥವಾದೀತು.

ಉಚ್ಚಿಲದಲ್ಲಿ ಒಬ್ಬರ ಹಿಂದೆ ಒಬ್ಬರು ಹೋದಂತೆ ಹೋಗದಿರಲು ಕೊಳದ ಬಳಿ ಎರಡು ವಸ್ತುಗಳು ತೂಗುತ್ತಿರಬೇಕು: ಆಳದ ತುದಿಯ ನಡುವಿಗೆ ಎಟುಕುವ ಉದ್ದನೆಯ ಕೋಲು, ಹಗ್ಗ ಕಟ್ಟಿದ ತೇಲುಬಳೆ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿ ಹತ್ತಲು ನೋಡುತ್ತಾರೆ. ಸಿಕ್ಕಿದ್ದು ಮನುಷ್ಯನಾದರೆ ಅವನೂ ಕೆಳಗೆ ಹೋಗುತ್ತಾನೆ. ಅಂಚಿನಲ್ಲಿ ಮಲಗಿ ಕೋಲು ಚಾಚಬೇಕು, ಎಟುಕದಿದ್ದರೆ ಬಳೆ ಎಸೆಯಬೇಕು. ನೀರಿಗೆ ಇಳಿಯುವುದು ತರಬೇತಿ ಪಡೆದವನ ಪಾಲಿಗೆ, ಅವನೂ ತೇಲುವ ಸಾಧನ ಹಿಡಿದೇ ಇಳಿಯಬೇಕು.

ಮೇಲೆ ತಂದ ಮೇಲೆ ನಮ್ಮಲ್ಲಿ ನಡೆಯುವ ತಪ್ಪು ಹಳೆಯದು. ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ನುಗ್ಗುತ್ತದೆ, ಅಮೂಲ್ಯವಾದ ಒಂದೆರಡು ನಿಮಿಷವೂ ಹೋಗುತ್ತದೆ. ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ. ಆದ್ದರಿಂದ ಮೊದಲು ಕೊಡಬೇಕಾದದ್ದು ಉಸಿರು. ಮಲಗಿಸಿ, ಉಸಿರಾಟವಿಲ್ಲದಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಎದೆ ಏರುವಂತೆ ಎರಡರಿಂದ ಐದು ಬಾರಿ ಬಾಯಿಂದ ಬಾಯಿಗೆ ಗಾಳಿ ಊದಬೇಕು. ಆಮೇಲೆ ಎದೆಯ ನಡುವೆ, ದೊಡ್ಡವರಿಗೆ ಎರಡು ಇಂಚಿನಷ್ಟು ಆಳಕ್ಕೆ ಮೂವತ್ತು ಬಾರಿ ಒತ್ತು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ, ಮತ್ತೆ ಎರಡು ಉಸಿರು, ಮತ್ತೆ ಮೂವತ್ತು. ಬೇರೆಯವರು ಆಗಲೇ 108ಕ್ಕೆ ಕರೆ ಮಾಡಿರಬೇಕು. ಘಟ್ಟದ ರಸ್ತೆಯಲ್ಲಿ ಆಂಬುಲೆನ್ಸ್ ಬರಲು ನಲವತ್ತು ನಿಮಿಷವಾದರೆ ಅಷ್ಟು ಹೊತ್ತೂ, ಕೈ ಬದಲಿಸುತ್ತಾ, ಇದನ್ನೇ ನಡೆಸಬೇಕು. ಕೆಮ್ಮಿ ಎದ್ದು ಕೂತು ‘ಏನೂ ಆಗಿಲ್ಲ’ ಎಂದವರನ್ನೂ ಆಸ್ಪತ್ರೆಗೆ ಕಳಿಸಬೇಕು. ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆಗಳ ಮೇಲೆ ಉಸಿರಾಟವನ್ನು ಕೆಡಿಸಬಹುದು.

ಸಂಜೆ ಆರು ಗಂಟೆ. “ತಮ್ಮಾ, ಇನ್ನು ಹತ್ತೇ ನಿಮಿಷ” ಎಂದು ಕೇಳುವವರು ದಿನಾ ಇರುತ್ತಾರೆ. ಕತ್ತಲಾದ ಮೇಲೆ ತಳ ಕಾಣುವುದಿಲ್ಲ, ಹಾಗಾಗಿ ಉತ್ತರವೂ ದಿನಾ ಒಂದೇ. ಎಲ್ಲರೂ ಹೊರಬಂದ ಮೇಲೆ ಹುಡುಗ ಅಂಚಿನ ಸುತ್ತ ಒಂದು ಸುತ್ತು ನಡೆದು, ನಾಲ್ಕು ಕಡೆಯಿಂದಲೂ ತಳ ನೋಡುತ್ತಾನೆ. ಕೊನೆಯ ಪರೀಕ್ಷೆಯ ಅಂಕಿಗಳನ್ನು, ಎಷ್ಟು ಜನ ಇಳಿದರು, ಏನು ಔಷಧಿ ಎಷ್ಟು ಗ್ರಾಂ ಎಂಬುದನ್ನು ಹೊತ್ತಿನ ಸಮೇತ ಪುಸ್ತಕದಲ್ಲಿ ಬರೆಯುತ್ತಾನೆ. ತಕ್ಕಡಿಯಲ್ಲಿ ತೂಗಿದ ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕರಗಿಸಿ, ಪಂಪ್ ಓಡುತ್ತಿರುವಾಗ ಸುತ್ತಲೂ ಹೊಯ್ಯುತ್ತಾನೆ. ಬೇಲಿಯ ಗೇಟಿನ ಚಿಲಕ ಪುಟ್ಟ ಮಕ್ಕಳ ಕೈಗೆ ಎಟುಕದಷ್ಟು ಮೇಲಿದೆ. ಅದನ್ನು ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಮುಂಗಟ್ಟೆಗೆ ಕೊಟ್ಟು ಊಟಕ್ಕೆ ಹೋಗುತ್ತಾನೆ.